ಸ್ಟೈಪೆಂಡ್ ಎಷ್ಟು, ಯಾವ ತಿಂಗಳಿಂದ

ಇಂಟರ್ನ್‌ಗಳ ಸ್ಟೈಪೆಂಡ್ ಬದಲಾದಾಗ ಕಂಪನಿ ಹೊರಡಿಸುವ ನೋಟಿಸ್ ಸಾಮಾನ್ಯವಾಗಿ ಅರ್ಧ ಪುಟ ಮೀರುವುದಿಲ್ಲ. ಅದನ್ನು ಓದುವ ಹುಡುಗ ಹುಡುಗಿಯರು ಅದರಲ್ಲಿ ಹುಡುಕುವುದು ಎರಡೇ ಸಂಗತಿ: ಕೈಗೆ ಬರುವ ಹಣ ಎಷ್ಟು, ಅದು ಯಾವ ತಿಂಗಳಿಂದ. ನೋಟಿಸ್ ಓದಿದವರಿಗೆ ಬೇಸರವಾಗುವುದು ಹೆಚ್ಚಳ ಚಿಕ್ಕದು ಎಂಬ ಒಂದೇ ಕಾರಣಕ್ಕಲ್ಲ. ಓದಿದಾಗ ತಿಳಿದ ಮೊತ್ತವೇ ಬೇರೆ, ಬ್ಯಾಂಕ್ ಖಾತೆಗೆ ಬಂದ ಮೊತ್ತವೇ ಬೇರೆ ಎಂದಾಗ ಆಗುವ ಬೇಸರ ಅದಕ್ಕಿಂತ ದೊಡ್ಡದು.

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಚೇರಿಯನ್ನು ಉದಾಹರಣೆಯಾಗಿ ಊಹಿಸಿಕೊಳ್ಳಬಹುದು. ಅಲ್ಲಿನ ಇಂಟರ್ನ್‌ಗಳಿಗೆ ತಿಂಗಳಿಗೆ 15,000 ರೂಪಾಯಿ ಸ್ಟೈಪೆಂಡ್, ಅದರ ಜೊತೆಗೆ ಓಡಾಟದ ಖರ್ಚಿಗೆಂದು ಪ್ರತ್ಯೇಕವಾಗಿ 2,000 ಸಿಗುತ್ತಿರುತ್ತದೆ. ಈಗ ಸ್ಟೈಪೆಂಡ್ 18,000ಕ್ಕೆ ಏರಿದೆ, ಆದರೆ ಓಡಾಟದ ಭತ್ಯೆ ಅದರಲ್ಲೇ ಸೇರಿಹೋಗಿದೆ. ‘ಸ್ಟೈಪೆಂಡ್ ಶೇ 20ರಷ್ಟು ಹೆಚ್ಚಳ’ ಎಂದು ನೋಟಿಸ್ ಹಾಕಿದರೆ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಆದರೆ ಕೈಗೆ ಬರುವುದು 17,000ದಿಂದ 18,000ಕ್ಕೆ ಏರಿದೆ ಅಷ್ಟೇ. ಹೆಚ್ಚಳ ಶೇ 6ಕ್ಕೂ ಕಡಿಮೆ. ಮೊದಲ ಪಾವತಿ ಬಂದ ದಿನವೇ ಇದು ಎಲ್ಲರಿಗೂ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಕಂಪನಿಯ ಯಾವ ನೋಟಿಸನ್ನೂ ಯಾರೂ ನೇರವಾಗಿ ಓದುವುದಿಲ್ಲ, ಸಾಲುಗಳ ನಡುವೆ ಏನು ಅಡಗಿದೆ ಎಂದೇ ಹುಡುಕುತ್ತಾರೆ. ಹಾಗಾಗಿ ಹಳೆಯ ಒಟ್ಟು ಮೊತ್ತವನ್ನೂ ಹೊಸ ಒಟ್ಟು ಮೊತ್ತವನ್ನೂ ಅಕ್ಕಪಕ್ಕದಲ್ಲಿ ಬರೆಯಬೇಕು. ಶೇಕಡಾವಾರು ಲೆಕ್ಕವನ್ನು ಕೈಬಿಟ್ಟರೂ ನಷ್ಟವಿಲ್ಲ.

ತಿಂಗಳ ವಿಷಯ ಇನ್ನೂ ತೊಡಕಿನದು. ‘ಜುಲೈಯಿಂದ ಜಾರಿ’ ಎಂಬ ಮಾತಿಗೆ ಎರಡು ಅರ್ಥ ಹೊರಡುತ್ತದೆ: ಜುಲೈಯಲ್ಲಿ ಮಾಡಿದ ಕೆಲಸಕ್ಕೆ ಹೊಸ ದರ ಎನ್ನಬಹುದು, ಜುಲೈಯಲ್ಲಿ ಖಾತೆಗೆ ಬೀಳುವ ಹಣವೇ ಹೊಸ ದರದ್ದು ಎಂದೂ ತಿಳಿಯಬಹುದು. ಈ ಕಚೇರಿಯಲ್ಲಿ ಒಂದು ತಿಂಗಳ ಸ್ಟೈಪೆಂಡ್ ಮುಂದಿನ ತಿಂಗಳ 7ರಂದು ಬರುತ್ತದೆ. ಅಂದರೆ ಜುಲೈ 7ರಂದು ಬರುವುದು ಜೂನ್ ತಿಂಗಳದ್ದು, ಹಳೆಯ ದರದ್ದು. ಇದನ್ನು ಬಿಡಿಸಿ ಹೇಳದಿದ್ದರೆ ಆ ದಿನ ಲೆಕ್ಕಪತ್ರ ವಿಭಾಗದ ಫೋನಿಗೆ ಬಿಡುವಿರುವುದಿಲ್ಲ.

ನಿರ್ಧಾರ ತಡವಾಗಿ ಹೊರಬಿದ್ದರೆ ಬಾಕಿಯ ಪ್ರಶ್ನೆ ಬರುತ್ತದೆ. ನೋಟಿಸ್ ಆಗಸ್ಟ್ 10ಕ್ಕೆ ಹೊರಟಿದೆ, ಹೊಸ ದರ ಮಾತ್ರ ಜುಲೈ ಕೆಲಸದಿಂದಲೇ ಅನ್ವಯ ಎಂದುಕೊಳ್ಳೋಣ. ಅಷ್ಟರಲ್ಲಿ ಜುಲೈ ತಿಂಗಳ 17,000 ಪಾವತಿಯಾಗಿಬಿಟ್ಟಿರುತ್ತದೆ. ಉಳಿದ 1,000 ಆಗಸ್ಟ್ ತಿಂಗಳ ಹಣದೊಂದಿಗೆ ಸೇರಿ ಸೆಪ್ಟೆಂಬರ್ 7ರಂದು 19,000 ಬರುತ್ತದೆ. ಅಕ್ಟೋಬರ್ 7ರಂದು ಮತ್ತೆ 18,000. ಬಾಕಿಯ ವಿಷಯ ತಿಳಿಯದ ಇಂಟರ್ನ್‌ಗೆ ಇದು ಸ್ಟೈಪೆಂಡ್ ಕಡಿತವೆಂದೇ ಕಾಣುತ್ತದೆ.

ಇಷ್ಟನ್ನೂ ಒಳಗೊಂಡ ನೋಟಿಸ್ ಹೀಗಿರಬಹುದು:

‘ಜುಲೈ 1ರಿಂದ ಮಾಡಿದ ಕೆಲಸಕ್ಕೆ ಇಂಟರ್ನ್‌ಗಳ ಸ್ಟೈಪೆಂಡ್ ತಿಂಗಳಿಗೆ 18,000 ರೂಪಾಯಿ. ಈವರೆಗೆ 15,000 ಸ್ಟೈಪೆಂಡ್ ಮತ್ತು 2,000 ಓಡಾಟದ ಭತ್ಯೆ ಸೇರಿ 17,000 ಸಿಗುತ್ತಿತ್ತು. ಇನ್ನು ಮುಂದೆ ಭತ್ಯೆ ಪ್ರತ್ಯೇಕವಾಗಿ ಇರುವುದಿಲ್ಲ. ಜುಲೈ ತಿಂಗಳ ಬಾಕಿ 1,000 ರೂಪಾಯಿ ಸೆಪ್ಟೆಂಬರ್ 7ರ ಪಾವತಿಯಲ್ಲಿ ಸೇರಿ ಬರುತ್ತದೆ. ಅಕ್ಟೋಬರ್‌ನಿಂದ ಪಾವತಿ 18,000 ಇರುತ್ತದೆ.’

ಇದರ ಕೆಳಗೆ ಪ್ರಶ್ನೆ ಕೇಳಬೇಕಾದವರ ಹೆಸರು ಮತ್ತು ವಿಭಾಗ ಇದ್ದರೆ ಸಾಕು. ‘ಕಲಿಕೆಯೇ ನಿಜವಾದ ಸಂಪಾದನೆ’ ಎಂಬಂಥ ಮಾತನ್ನು ಸೇರಿಸುವ ಚಪಲ ಬರೆಯುವವರಿಗೆ ಇದ್ದೇ ಇರುತ್ತದೆ. ಪಿ.ಜಿ. ಬಾಡಿಗೆ ಕಟ್ಟುವವರಿಗೆ ಆ ಮಾತು ಅಣಕದಂತೆ ಕೇಳುತ್ತದೆ. ಹೆಚ್ಚಳ ಇಷ್ಟೇ ಏಕೆ ಎಂಬುದಕ್ಕೆ ನಿಜವಾದ ಕಾರಣವಿದ್ದರೆ ಒಂದು ವಾಕ್ಯದಲ್ಲಿ ಹೇಳಬಹುದು. ಇಲ್ಲದಿದ್ದರೆ ಸುಮ್ಮನಿರುವುದೇ ಮೇಲು.

ಮೊತ್ತ ಇಳಿಯುವ ಸಂದರ್ಭ ಬೇರೆ. ಆಫರ್ ಲೆಟರ್‌ನಲ್ಲಿ ಒಪ್ಪಿಕೊಂಡ ಹಣವನ್ನು ನೋಟಿಸಿನ ಮೃದು ಭಾಷೆಯಿಂದ ಕಡಿಮೆ ಮಾಡಲು ಹೊರಡುವುದು ನ್ಯಾಯವಲ್ಲ. ಈಗಿರುವವರಿಗೆ ಅವಧಿ ಮುಗಿಯುವವರೆಗೆ ಹಳೆಯ ದರ, ಮುಂದಿನ ತಂಡಕ್ಕೆ ಹೊಸ ದರ ಎಂದು ಸ್ಪಷ್ಟವಾಗಿ ಬರೆಯುವುದೇ ಸರಿಯಾದ ದಾರಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ ನೋಂದಾಯಿತರಾದವರ ವಿಷಯದಲ್ಲಂತೂ ಸರ್ಕಾರದ ನಿಯಮಗಳು ನಿಗದಿ ಮಾಡಿದ ಕನಿಷ್ಠ ಮೊತ್ತಕ್ಕಿಂತ ಕೆಳಗೆ ಹೋಗುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಪದವೀಧರ ಅಪ್ರೆಂಟಿಸ್‌ಗಳಿಗೆ ಇದು ತಿಂಗಳಿಗೆ 9,000 ರೂಪಾಯಿ ಎಂದಾಯಿತು. ಕಾಲೇಜಿನಿಂದ ನೇರವಾಗಿ ಬರುವ ಸಾಮಾನ್ಯ ಇಂಟರ್ನ್‌ಗಳಿಗೆ ಈ ಕಾಯ್ದೆಯ ಆಸರೆ ಇಲ್ಲ. ಅವರ ಪಾಲಿಗೆ ಆಫರ್ ಲೆಟರೇ ಆಧಾರ.

ನೋಟಿಸಿನಲ್ಲಿ ಹೆಚ್ಚಾಗಿ ಬಿಟ್ಟುಹೋಗುವವರು ಜುಲೈ ಕೊನೆಗೆ ಇಂಟರ್ನ್‌ಶಿಪ್ ಮುಗಿಸಿ ಹೋದವರು. ಅವರಿಗೂ ಆ ತಿಂಗಳ 1,000 ಬಾಕಿ ಸಲ್ಲಬೇಕು. ಆದರೆ ಅಷ್ಟರಲ್ಲಿ ಅವರ ಕಚೇರಿಯ ಇಮೇಲ್ ಮುಚ್ಚಿರುತ್ತದೆ. ನೋಟಿಸಿನ ಪ್ರತಿಯನ್ನು ಅವರ ಸ್ವಂತ ವಿಳಾಸಕ್ಕೇ ಕಳುಹಿಸಬೇಕಾಗುತ್ತದೆ.