ಅಮ್ಮಾ, ಬೆಳ್ಳಗಾಗುವ ಕ್ರೀಮು ಬಿಡು, ಬಿಸಿಲಿಗೆ ಹಚ್ಚುವುದನ್ನು ಹಿಡಿ

ಅಮ್ಮಾ, ನಿನ್ನೆ ಫೋನಿನಲ್ಲಿ ಮಾತು ಜಗಳದ ಕಡೆಗೆ ತಿರುಗಿತು, ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಉದ್ದ ಇದೆ. ಊಟ ಮುಗಿಸಿ, ಕನ್ನಡಕ ಹಾಕಿಕೊಂಡು ಓದು.

ನೀನು ಕಳಿಸಿದ ಟ್ಯೂಬಿನ ಫೋಟೋ ದೊಡ್ಡದು ಮಾಡಿ ನೋಡಿದೆ. ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಮೂರು ಹೆಸರಿವೆ: ಹೈಡ್ರೋಕ್ವಿನೋನ್, ಟ್ರೆಟಿನಾಯ್ನ್, ಮೊಮೆಟಾಸೋನ್. ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೂರುವ ನನಗೆ ಈ ಮೂರೂ ದಿನನಿತ್ಯದ ಪರಿಚಯ. ಇದು ಸೌಂದರ್ಯದ ಕ್ರೀಮಲ್ಲ, ಔಷಧಿ. ಚರ್ಮದ ಡಾಕ್ಟರು ಬಂಗಿಗೆ ಇದನ್ನು ಕೆಲವೇ ವಾರಗಳ ಮಟ್ಟಿಗೆ, ರಾತ್ರಿ ಹೊತ್ತು, ಕಲೆಯಿರುವ ಜಾಗಕ್ಕೆ ಮಾತ್ರ ಬರೆದುಕೊಡುತ್ತಾರೆ. ನೀನು ದೀಪಾವಳಿಯಿಂದ ಇಡೀ ಮುಖಕ್ಕೆ ಬಳಿಯುತ್ತಿದ್ದೀಯ.

ಮೊದಲ ತಿಂಗಳು ಮುಖ ತಿಳಿಯಾಯಿತು ಎಂದೆಯಲ್ಲ, ಅದು ಸುಳ್ಳಲ್ಲ. ಮೊಮೆಟಾಸೋನ್ ಒಂದು ಸ್ಟೀರಾಯ್ಡು. ಮೊದಮೊದಲು ಚರ್ಮ ನುಣುಪಾಗಿ, ಬೆಳ್ಳಗೆ ಕಾಣುತ್ತದೆ. ಆಮೇಲೆ ಚರ್ಮ ತೆಳ್ಳಗಾಗುತ್ತಾ ಹೋಗುತ್ತದೆ. ಕೆನ್ನೆಯ ಮೇಲೆ ಕೆಂಪು ಎಳೆಗಳಂತೆ ರಕ್ತನಾಳ ಕಾಣಿಸುತ್ತವೆ, ಗಲ್ಲದ ಮೇಲೆ ಕೂದಲು ಬರುತ್ತದೆ, ಈ ವಯಸ್ಸಿನಲ್ಲೂ ಮೊಡವೆ ಏಳುತ್ತವೆ. ಒಲೆಯ ಮುಂದೆ ನಿಂತರೆ ಮುಖ ಉರಿಯುತ್ತದೆ ಎಂದು ನೀನು ಹೇಳಿದ್ದು ಇದೇ. ಹಚ್ಚುವುದು ನಿಲ್ಲಿಸಿದರೆ ಉರಿ ಇನ್ನೂ ಹೆಚ್ಚಾಗುತ್ತದೆ. ಹಾಗಾಗಿ ಕ್ರೀಮು ಬಿಟ್ಟಿದ್ದೇ ತಪ್ಪಾಯಿತು ಎಂದುಕೊಂಡು ಜನ ಮತ್ತೆ ಅದನ್ನೇ ಹಚ್ಚುತ್ತಾರೆ. ಇನ್ನು ಹೈಡ್ರೋಕ್ವಿನೋನನ್ನು ವರ್ಷಗಟ್ಟಲೆ ಬಳಸಿದರೆ ಕೆಲವರಿಗೆ ಕಲೆ ಮಾಯುವ ಬದಲು ನೀಲಿಗಪ್ಪಾಗುತ್ತದೆ, ಅದನ್ನು ತೆಗೆಯುವುದು ಡಾಕ್ಟರಿಗೂ ಕಷ್ಟ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲದ ಪಟ್ಟಿಗೆ ಸೇರಿಸಿತು. ನಿನಗೆ ಕೊಟ್ಟ ಅಂಗಡಿಯವನು ಚೀಟಿ ಕೇಳಿದನೇ?

ಸರಿ, ಎಲ್ಲ ಫೇರ್‌ನೆಸ್ ಕ್ರೀಮೂ ಹೀಗಲ್ಲ. ಕಿರಾಣಿ ಅಂಗಡಿಯಲ್ಲಿ ಸಿಗುವ ಹೆಚ್ಚಿನವುಗಳಲ್ಲಿ ಸ್ಟೀರಾಯ್ಡ್ ಇರುವುದಿಲ್ಲ. ಹಚ್ಚಿದ ಕೂಡಲೇ ಬೆಳ್ಳಗೆ ಕಾಣುವುದು ಬಹುತೇಕ ಅದರಲ್ಲಿ ಬೆರೆಸಿರುವ ಬಿಳಿ ಪುಡಿಯಿಂದ, ಮುಖ ತೊಳೆದರೆ ಅದೂ ಹೋಯಿತು. ಆದರೆ ತಯಾರಕರ ವಿಳಾಸವೇ ಇಲ್ಲದ, ಹೊರದೇಶದ್ದು ಎಂದು ಮಾರುವ ಡಬ್ಬಿ ಮಾತ್ರ ಮನೆಗೆ ತರಬೇಡ. ಅಂಥವುಗಳಲ್ಲಿ ಪಾದರಸ ಇರಬಹುದು. ಕೇರಳದ ಮಲಪ್ಪುರಂ ಕಡೆ ಇಂಥ ಕ್ರೀಮು ಹಚ್ಚಿಕೊಂಡವರ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದದ್ದನ್ನು ಅಲ್ಲಿನ ವೈದ್ಯರು ದಾಖಲಿಸಿದ್ದಾರೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ: "ಸನ್‌ಸ್ಕ್ರೀನು ಬಿಳಿ ತೊಗಲಿನವರಿಗೆ, ನಮಗ್ಯಾಕೆ?" ಅರ್ಧ ನಿಜ. ನಮ್ಮ ಚರ್ಮದಲ್ಲಿ ಮೆಲನಿನ್ ಎಂಬ ಬಣ್ಣ ಹೆಚ್ಚು, ಹಾಗಾಗಿ ಅವರ ಹಾಗೆ ನಾವು ಬೇಗ ಸುಟ್ಟುಕೊಳ್ಳುವುದಿಲ್ಲ, ಚರ್ಮದ ಕ್ಯಾನ್ಸರೂ ನಮ್ಮಲ್ಲಿ ಕಡಿಮೆ. ಆದರೆ ಬಿಸಿಲು ಬಿದ್ದಾಗ ನಮ್ಮ ಚರ್ಮಕ್ಕೆ ಗೊತ್ತಿರುವ ರಕ್ಷಣೆಯ ದಾರಿ ಮತ್ತಷ್ಟು ಮೆಲನಿನ್ ತಯಾರಿಸುವುದು. ನಿನ್ನ ಕೆನ್ನೆಯ ಬಂಗು ಇದೇ ಕೆಲಸ ಹದ್ದು ಮೀರಿ ನಡೆದ ಗುರುತು. ತಮ್ಮ ಹೊಟ್ಟೆಯಲ್ಲಿದ್ದಾಗ ಶುರುವಾಯಿತು ಎನ್ನುತ್ತೀಯಲ್ಲ, ಬಸುರಿಯರಲ್ಲಿ ಹಾರ್ಮೋನು ಏರುಪೇರಾಗಿ ಹಾಗಾಗುವುದು ಸಾಮಾನ್ಯ. ಅಜ್ಜಿಗೂ ಇತ್ತು, ಮನೆತನದಲ್ಲೂ ಬರುತ್ತದೆ. ಹಾರ್ಮೋನೂ ಮನೆತನವೂ ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದು ಬಿಸಿಲೊಂದೇ. ಅದನ್ನು ತಡೆಯದೆ ಕ್ರೀಮು ಹಚ್ಚುವುದೆಂದರೆ ನಲ್ಲಿ ಬಿಟ್ಟುಕೊಂಡು ನೆಲ ಒರೆಸಿದ ಹಾಗೆ. ರಾತ್ರಿ ಔಷಧಿ ಒಂದಿಷ್ಟು ಬಣ್ಣ ತಗ್ಗಿಸಿದರೆ, ಮರುದಿನ ಮಾಳಿಗೆಯ ಮೇಲೆ ಸಂಡಿಗೆ ಹಾಕುವಷ್ಟರಲ್ಲಿ ಅದು ವಾಪಸ್.

ನಿನ್ನ ನಿಜವಾದ ಬಣ್ಣ ಯಾವುದು ಗೊತ್ತಾ? ರವಿಕೆಯ ತೋಳು ಮೇಲೆತ್ತಿ ರಟ್ಟೆಯ ಒಳಬದಿ ನೋಡು, ಆಮೇಲೆ ಮೊಳಕೈ ಕೆಳಗಿನದು ನೋಡು. ಒಂದೇ ಕೈ, ಎರಡು ಬಣ್ಣ. ಕೆಳಗಿನದರಲ್ಲಿ ಹೆಚ್ಚಾಗಿರುವ ಕಪ್ಪು ಬಿಸಿಲಿನ ಲೆಕ್ಕ. ಸನ್‌ಸ್ಕ್ರೀನು ಆ ಲೆಕ್ಕ ಬೆಳೆಯದಂತೆ ನೋಡಿಕೊಳ್ಳುತ್ತದೆ, ಒಳಬದಿಗಿಂತ ಬೆಳ್ಳಗೆ ಮಾಡುವುದಿಲ್ಲ. ಯಾವ ಕ್ರೀಮೂ ಸುರಕ್ಷಿತವಾಗಿ ಹಾಗೆ ಮಾಡಲಾರದು. ಅತ್ತೆ ಮದುವೆ ಮನೆಯಲ್ಲಿ ನಿನ್ನ ಬಣ್ಣದ ಬಗ್ಗೆ ಆಡಿದ ಮಾತಿಗೆ ನಿನ್ನ ಮುಖ ದಂಡ ಕಟ್ಟಬೇಕಿಲ್ಲ.

"ನನ್ನ ಫೇರ್‌ನೆಸ್ ಕ್ರೀಮಿನಲ್ಲೂ ಎಸ್‌ಪಿಎಫ್ 15 ಅಂತ ಬರೆದಿದೆ" ಎಂದು ಚಿಕ್ಕಮ್ಮ ಹೇಳುತ್ತಾಳೆ. ಆ ಸಂಖ್ಯೆ ಬರುವುದು ದಪ್ಪಗೆ ಹಚ್ಚಿ ಅಳೆದಾಗ. ಕಡಲೆಕಾಳಿನಷ್ಟು ತೆಗೆದು ಇಡೀ ಮುಖಕ್ಕೆ ಎಳೆದರೆ ಆ 15ರಲ್ಲಿ ಸಣ್ಣ ಪಾಲಷ್ಟೇ ಉಳಿಯುತ್ತದೆ. ಜೊತೆಗೆ ಎಸ್‌ಪಿಎಫ್ ಎನ್ನುವುದು ಮುಖ್ಯವಾಗಿ ಸುಡುವ ಕಿರಣದ ಲೆಕ್ಕ. ಚರ್ಮ ಕಪ್ಪಾಗಿಸುವ, ಕಿಟಕಿ ಗಾಜನ್ನೂ ದಾಟಿ ಬರುವ ಇನ್ನೊಂದು ಕಿರಣಕ್ಕೆ ಟ್ಯೂಬಿನ ಮೇಲೆ ಪಿಎ ಎಂದು ಬರೆದು ಪಕ್ಕದಲ್ಲಿ ಕೂಡಿಸುವ ಚಿಹ್ನೆ ಹಾಕಿರುತ್ತಾರೆ. ಎಸ್‌ಪಿಎಫ್ 30 ಅಥವಾ 50 ಇರಲಿ, ಪಿಎ ಪಕ್ಕದಲ್ಲಿ ಮೂರು ಚಿಹ್ನೆಯಾದರೂ ಇರಲಿ. ಬಂಗು ಇರುವವರಿಗೆ ಇನ್ನೊಂದು ಮಾತು: ನಮ್ಮಂಥ ಕಂದು ಚರ್ಮದಲ್ಲಿ ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕಪ್ಪಾಗಿಸುತ್ತದೆ, ಅದನ್ನು ಮಾಮೂಲಿ ಬಿಳಿ ಸನ್‌ಸ್ಕ್ರೀನು ಅಷ್ಟಾಗಿ ತಡೆಯದು. ಐರನ್ ಆಕ್ಸೈಡ್ ಬೆರೆಸಿದ, ಚರ್ಮದ ಬಣ್ಣದ ಸನ್‌ಸ್ಕ್ರೀನು ತಡೆಯುತ್ತದೆ. ಅಂಗಡಿಯಲ್ಲಿ ಅದನ್ನು ಟಿಂಟೆಡ್ ಎನ್ನುತ್ತಾರೆ. ಅದನ್ನೇ ತಗೋ. ಮುಖಕ್ಕೆ ಸುಣ್ಣ ಬಳಿದ ಹಾಗೆ ಕಾಣುತ್ತದೆ ಎಂಬ ನಿನ್ನ ದೂರೂ ಅದರಿಂದ ಮುಗಿಯುತ್ತದೆ.

ಹಚ್ಚುವುದು ಹೀಗೆ. ತೋರುಬೆರಳು, ನಡುಬೆರಳು ಎರಡರ ಪೂರ್ತಿ ಉದ್ದಕ್ಕೂ ಒಂದೊಂದು ಗೆರೆ ಹಿಂಡು. ಮುಖ, ಕುತ್ತಿಗೆ, ಕಿವಿಗೆ ಅಷ್ಟು ಬೇಕು. ಹೊರಗೆ ಹೋಗುವ ಕಾಲು ಗಂಟೆ ಮೊದಲು ಹಚ್ಚು, ಕುಂಕುಮ ಆಮೇಲೆ ಇಟ್ಟುಕೋ. ಬಿಸಿಲಿನಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಬೇಕು. ಸೆರಗಿನಿಂದ ಬೆವರು ಒರೆಸಿದಾಗ ಕ್ರೀಮೂ ಜೊತೆಗೇ ಹೋಗಿರುತ್ತದೆ ಎನ್ನುವುದು ನೆನಪಿರಲಿ. ಈ ಅಳತೆಯಲ್ಲಿ ದಿನಕ್ಕೊಂದು ಸಲ ಹಚ್ಚಿದರೆ 50 ಗ್ರಾಂ ಟ್ಯೂಬು ಸುಮಾರು 40 ದಿನ ಬರುತ್ತದೆ. ಆರು ತಿಂಗಳು ಬಂತು ಎಂದರೆ ನೀನು ಹಚ್ಚಲೇ ಇಲ್ಲ ಎಂದರ್ಥ. ದುಬಾರಿ ಎನ್ನುತ್ತೀಯ, ಹೌದು. ಹಾಗಾಗಿ ಸಂಡಿಗೆ, ಹಪ್ಪಳ ಬೆಳಗ್ಗೆ ಒಂಬತ್ತರೊಳಗೆ ಹಾಕಿ ಇಳಿದುಬಾ, ಸಂತೆಗೆ ಛತ್ರಿ ಹಿಡಿ. ನೆರಳಿಗೆ ದುಡ್ಡಿಲ್ಲ.

ಮೂರು ತಿಂಗಳು ತಪ್ಪದೆ ಮಾಡಿದರೆ ಬಂಗು ಕಪ್ಪಾಗುವುದು ನಿಂತು ನಿಧಾನಕ್ಕೆ ತಿಳಿಯಾಗುತ್ತದೆ. ಪೂರ್ತಿ ಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಆಳಕ್ಕಿಳಿದ ಬಂಗು ಹಾಗೆ ಹೋಗುವುದೂ ಇಲ್ಲ.

ಒಂದು ಮಾತು ಮಾತ್ರ ಮರೆಯಬೇಡ. ಆ ಮೂರು ಹೆಸರಿನ ಟ್ಯೂಬನ್ನು ಇವತ್ತೇ ಕಸದ ಬುಟ್ಟಿಗೆ ಎಸೆಯಬೇಡ, ಒಮ್ಮೆಲೇ ಬಿಟ್ಟರೆ ಮುಖ ಕೆಂಪಾಗಿ ಉರಿಯಬಹುದು. ಅದನ್ನು ತೆಗೆದುಕೊಂಡೇ ಈ ವಾರ ಚರ್ಮದ ಡಾಕ್ಟರ ಹತ್ತಿರ ಹೋಗು, ಎಷ್ಟು ತಿಂಗಳಿಂದ ಹಚ್ಚುತ್ತಿದ್ದೀಯ ಎಂದು ಮುಚ್ಚಿಡದೆ ಹೇಳು. ಹೇಗೆ ಕಡಿಮೆ ಮಾಡಬೇಕೋ ಅವರೇ ಹೇಳುತ್ತಾರೆ. ಅಪ್ಪನಿಗೆ ಹೇಳಿದ್ದೇನೆ, ಕರೆದುಕೊಂಡು ಹೋಗುತ್ತಾರೆ.