ಹಳೇ ರಿಪೋರ್ಟು, ಹೊಸ ಸಾಫ್ಟ್‌ವೇರು, ನಡುವೆ ಒಂದು ಪತ್ರ

ಜಿಲ್ಲಾ ಕೇಂದ್ರದ ಒಂದು ಮಧ್ಯಮ ಗಾತ್ರದ ಆಸ್ಪತ್ರೆ ಇದೆ ಅಂದುಕೊಳ್ಳಿ. ಅಲ್ಲಿನ ಲ್ಯಾಬ್ ಆರು ತಿಂಗಳಿಂದ ಹೊಸ ಸಾಫ್ಟ್‌ವೇರ್ ಬಳಸುತ್ತಿದೆ. ಅದಕ್ಕೂ ಹಿಂದಿನ ಹತ್ತು ವರ್ಷದ ರಿಪೋರ್ಟುಗಳು, ಸುಮಾರು 24 ಲಕ್ಷ, ಹಳೆಯದರಲ್ಲೇ ಉಳಿದಿವೆ. ಸಕ್ಕರೆ ಕಾಯಿಲೆಯವರು ಬಂದರೆ ಡಾಕ್ಟರು ಎರಡೆರಡು ಕಡೆ ತೆರೆದು ನೋಡಬೇಕು. ಆ ಹಳೆಯದನ್ನೆಲ್ಲ ಒಂದೇ ಸಲಕ್ಕೆ ಹೊಸದಕ್ಕೆ ಸೇರಿಸಿ ಮುಗಿಸುವ ಕೆಲಸವನ್ನು ಐಟಿಯವರು ಹಿಸ್ಟಾರಿಕಲ್ ಸಿಂಕ್ ಎನ್ನುತ್ತಾರೆ. ಅದಕ್ಕೆ ಮೊದಲು ಲ್ಯಾಬ್ ಮುಖ್ಯಸ್ಥರು ಐಟಿ ವಿಭಾಗಕ್ಕೆ ಪತ್ರ ಬರೆಯಬೇಕು. ‘ಈ ಶನಿವಾರ ಮಾಡಿಬಿಡೋಣ’ ಎಂಬ ವಾಟ್ಸಾಪ್ ಮೆಸೇಜು ಸಾಲದು.

ಪತ್ರದಲ್ಲಿ ಕೇಳುವುದು ಎರಡು. ಒಂದು ಮೇಂಟೆನೆನ್ಸ್ ವಿಂಡೋ, ಅಂದರೆ ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಹೊಸ ಸಾಫ್ಟ್‌ವೇರ್‌ನಲ್ಲಿ ಯಾರೂ ಏನೂ ನಮೂದಿಸುವಂತಿಲ್ಲ. ಇನ್ನೊಂದು ಚೇಂಜ್ ಫ್ರೀಜ್, ಅಂದರೆ ಇಂಥ ದಿನದಿಂದ ಇಂಥ ದಿನದವರೆಗೆ ಸಾಫ್ಟ್‌ವೇರ್, ಸರ್ವರ್, ಪಾಸ್‌ವರ್ಡ್, ಯಾವುದರಲ್ಲೂ ಬದಲಾವಣೆ ಮಾಡುವಂತಿಲ್ಲ. ಮೊದಲನೆಯದು ಗಂಟೆಗಳ ಲೆಕ್ಕ, ಎರಡನೆಯದು ದಿನಗಳ ಲೆಕ್ಕ.

ಗಂಟೆಗಳನ್ನು ಅಂದಾಜಿನಲ್ಲಿ ಕೇಳಬಾರದು. ಸಾಫ್ಟ್‌ವೇರ್‌ನ ನಕಲೊಂದನ್ನು ಮಾಡಿಕೊಂಡು ತಾಲೀಮು ನಡೆಸಿದಾಗ ಸೆಕೆಂಡಿಗೆ 50 ರಿಪೋರ್ಟು ಸೇರಿದವು ಎನ್ನೋಣ. 24 ಲಕ್ಷಕ್ಕೆ 13 ಗಂಟೆ 20 ನಿಮಿಷ ಬೇಕು. ಶನಿವಾರ ರಾತ್ರಿ 8ಕ್ಕೆ ಶುರುವಾದರೆ ಭಾನುವಾರ ಬೆಳಿಗ್ಗೆ 9:20ಕ್ಕೆ ಮುಗಿಯುತ್ತದೆ. ಹಾಗಾದರೆ ಸೋಮವಾರ ಬೆಳಿಗ್ಗೆ 6ರವರೆಗೆ ವಿಂಡೋ ಕೇಳುವುದೇಕೆ? ತಾಳೆ ನೋಡಲು ಸಮಯ ಬೇಕು, ಕೆಟ್ಟರೆ ಹಿಂದಕ್ಕೆ ಹೋಗಲೂ ಬೇಕು. ಶನಿವಾರದ ಬ್ಯಾಕಪ್ಪನ್ನು ಮರಳಿ ಕೂರಿಸಲು 5 ಗಂಟೆ ಹಿಡಿಯುವುದಾದರೆ, ಆ ತೀರ್ಮಾನವನ್ನು ತಡವೆಂದರೂ ಭಾನುವಾರ ರಾತ್ರಿ 11ಕ್ಕೆ ಕೈಗೊಳ್ಳಬೇಕು. ಪತ್ರದಲ್ಲಿ ಹೀಗೆ ಬರೆದರೆ ಚೆನ್ನ: ‘ಭಾನುವಾರ ರಾತ್ರಿ 11ರೊಳಗೆ ಲೆಕ್ಕ ತಾಳೆಯಾಗದಿದ್ದಲ್ಲಿ ಶನಿವಾರದ ಬ್ಯಾಕಪ್ಪಿಗೆ ಮರಳಲು ನಮ್ಮ ಒಪ್ಪಿಗೆ ಇದೆ.’ ಈ ಸಾಲಿಲ್ಲದಿದ್ದರೆ ನಡುರಾತ್ರಿಯಲ್ಲಿ ಐಟಿ ಹುಡುಗ ಯಾರಿಗೆ ಫೋನ್ ಮಾಡಬೇಕು?

ಆಸ್ಪತ್ರೆಗೆ ಭಾನುವಾರವೂ ರಜೆಯಿಲ್ಲ, ಲ್ಯಾಬ್ ನಿಲ್ಲಿಸಲಾಗದು ಎಂಬ ತಕರಾರು ಬಂದೇ ಬರುತ್ತದೆ. ನಿಲ್ಲಿಸಬೇಕಾದ್ದು ಲ್ಯಾಬನ್ನಲ್ಲ, ನಮೂದನ್ನು. ಬ್ಯಾಕಪ್ಪಿಗೆ ಮರಳಿದರೆ ಶನಿವಾರ ರಾತ್ರಿಯ ನಂತರ ನಮೂದಿಸಿದ್ದೆಲ್ಲ ಅಳಿಸಿಹೋಗುತ್ತದೆ. ಹಾಗಾಗಿ ತುರ್ತು ರಿಪೋರ್ಟುಗಳನ್ನು ಕಾಗದದಲ್ಲಿ ಬರೆದುಕೊಟ್ಟು, ಪ್ರತಿಯನ್ನು ರಿಜಿಸ್ಟರಿನಲ್ಲಿಟ್ಟು, ಸೋಮವಾರ ಕಂಪ್ಯೂಟರಿಗೆ ಏರಿಸುತ್ತೇವೆ ಎಂದು ಪತ್ರದಲ್ಲೇ ಹೇಳಬೇಕು.

ಇನ್ನು ಫ್ರೀಜ್. ಹೆಚ್ಚಿನವರು ಎಡವುವುದು ಇಲ್ಲೇ ಎಂಬುದು ನನ್ನ ಎಣಿಕೆ. ಸಿಂಕ್ ನಡೆಯುವ ದಿನಕ್ಕಷ್ಟೇ ಫ್ರೀಜ್ ಕೇಳುತ್ತಾರೆ. ಅದು ಶುರುವಾಗಬೇಕಾದ್ದು ತಾಲೀಮಿನ ದಿನದಿಂದ, ಏಕೆಂದರೆ ತಾಲೀಮಿನ ಫಲಿತಾಂಶಕ್ಕೆ ಬೆಲೆಯಿರುವುದು ಆಮೇಲೆ ಏನೂ ಬದಲಾಗದಿದ್ದರೆ ಮಾತ್ರ. ತಾಲೀಮಿಗೂ ಸಿಂಕ್‌ಗೂ ನಡುವಿನ ವಾರದಲ್ಲಿ ಯಾರೋ ಥೈರಾಯ್ಡ್ ಪರೀಕ್ಷೆಯ ಕೋಡನ್ನು `TSH` ಇದ್ದದ್ದು `TSH-U` ಮಾಡಿದರು ಎನ್ನಿ. ಹಳೇ ರಿಪೋರ್ಟುಗಳು `TSH` ಹೆಸರಿನಲ್ಲೇ ಬರುತ್ತವೆ, ಜಾಗ ಸಿಗದೆ ‘ಇತರೆ’ ಎಂಬ ಪಟ್ಟಿಗೆ ಬೀಳುತ್ತವೆ. ಒಟ್ಟು ಎಣಿಸಿದರೆ 24 ಲಕ್ಷ ಸರಿಯಾಗಿಯೇ ಇರುತ್ತದೆ, ಎಲ್ಲರೂ ಖುಷಿಯಿಂದ ಮನೆಗೆ ಹೋಗುತ್ತಾರೆ. ಡಾಕ್ಟರು ಥೈರಾಯ್ಡ್ ಪುಟ ತೆರೆದರೆ ಆರು ತಿಂಗಳಿಗಿಂತ ಹಿಂದಿನದು ಏನೂ ಇಲ್ಲ. ಆದ್ದರಿಂದ ಬರಿಯ ಒಟ್ಟು ಮೊತ್ತ ಸಾಲದು. ವರ್ಷವಾರು, ಪರೀಕ್ಷೆವಾರು ಎಣಿಕೆಯನ್ನು ಎರಡೂ ಕಡೆಯಿಂದ ತೆಗೆದು ಹೋಲಿಸಿಕೊಡಿ ಎಂದು ಕೇಳಬೇಕು.

ಪತ್ರದಲ್ಲಿ ಮರೆತುಹೋಗುವ ಇನ್ನೊಂದು ಸಂಗತಿ ಎಸ್ಸೆಮ್ಮೆಸ್. ಹೊಸ ರಿಪೋರ್ಟು ಸೇರಿದೊಡನೆ ‘ನಿಮ್ಮ ರಿಪೋರ್ಟ್ ಸಿದ್ಧವಾಗಿದೆ’ ಎಂಬ ಸಂದೇಶ ತಾನಾಗಿ ಹೋಗುವ ಏರ್ಪಾಡು ಇದ್ದರೆ, ಎಂಟು ವರ್ಷ ಹಿಂದಿನ ರಿಪೋರ್ಟಿಗೂ ಅದು ಹೋಗುತ್ತದೆ. ರಾತ್ರಿ ಎರಡಕ್ಕೆ ಮೊಬೈಲು ಸದ್ದು ಮಾಡಿದರೆ, ಈಗ ಬದುಕಿಲ್ಲದ ರೋಗಿಯ ಮನೆಯವರು ಏನೆಂದುಕೊಳ್ಳಬೇಕು? ವಿಂಡೋ ತೆರೆಯುವ ಮೊದಲೇ ಸಂದೇಶ ನಿಲ್ಲಿಸಬೇಕು. ನಿಲ್ಲಿಸಿದ ಅವಧಿಯಲ್ಲಿ ಸಾಲಿನಲ್ಲಿ ನಿಂತದ್ದನ್ನು ಅಳಿಸಿದ ನಂತರವೇ ಮತ್ತೆ ಶುರುಮಾಡಬೇಕು. ಇಲ್ಲವಾದರೆ ಸೋಮವಾರ ಬೆಳಿಗ್ಗೆ ಎಲ್ಲವೂ ಒಟ್ಟಿಗೆ ಹೊರಡುತ್ತವೆ.

ಫ್ರೀಜ್ ಮುಗಿಯುವ ದಿನಾಂಕವನ್ನೂ ಪತ್ರವೇ ಹೇಳಲಿ. ಸಿಂಕ್ ಆದ ನಂತರದ ಬುಧವಾರ ಸಾಕು, ಅಷ್ಟರಲ್ಲಿ ಡಾಕ್ಟರುಗಳು ಬಳಸಿ ನೋಡಿರುತ್ತಾರೆ. ನಡುವೆ ಭದ್ರತೆಗೆ ಸಂಬಂಧಿಸಿದ ತುರ್ತು ಅಪ್‌ಡೇಟ್ ಬಂದರೆ ಅದನ್ನು ತಡೆಯುವುದು ತಪ್ಪು. ಅದನ್ನು ಹಾಕಿಕೊಳ್ಳಲಿ, ಆದರೆ ತಾಲೀಮು ಮತ್ತೊಮ್ಮೆ ನಡೆಯಬೇಕು. ಅದಕ್ಕಾಗಿ ಸಿಂಕ್ ಒಂದು ವಾರ ಮುಂದೆ ಹೋಗುವುದಾದರೆ ಹೋಗಲಿ.