ಏರಿನಲ್ಲಿ ಗಾಡಿ ಹಿಂದಕ್ಕೆ ಹೋದರೆ?

ನಲವತ್ತು ದಾಟಿದ ಮೇಲೆ ಕಾರು ಕಲಿಯಲು ಬರುವವರು ನನ್ನನ್ನು ಮೊದಲ ವಾರದಲ್ಲೇ ಕೇಳುತ್ತಾರೆ: "ಸರ್, ಏರಿನಲ್ಲಿ ನಿಂತಾಗ ಗಾಡಿ ಹಿಂದಕ್ಕೆ ಹೋಗಿ ಯಾರಿಗಾದರೂ ತಾಗಿದರೆ?" ಈ ಭಯಕ್ಕೆ ಕಾರಣವಿದೆ. ಬಲಗಾಲು ಬ್ರೇಕಿನಿಂದ ಆಕ್ಸಿಲರೇಟರ್‌ಗೆ ಹೋಗುವ ಆ ಕ್ಷಣದಲ್ಲಿ ಕಾರನ್ನು ಹಿಡಿದು ನಿಲ್ಲಿಸುವುದು ಏನೂ ಇರುವುದಿಲ್ಲ.

ಆ ಕ್ಷಣವನ್ನು ಹ್ಯಾಂಡ್‌ಬ್ರೇಕಿಗೆ ಬಿಡಿ. ಅದನ್ನು ಪೂರ್ತಿ ಎಳೆದು, ಕ್ಲಚ್ ಒತ್ತಿ ಫಸ್ಟ್ ಗೇರ್ ಹಾಕಿ. ಆಕ್ಸಿಲರೇಟರ್ ತುಸು ಅದುಮಿ, ಕ್ಲಚ್ಚನ್ನು ನಿಧಾನವಾಗಿ ಬಿಡುತ್ತ ಬನ್ನಿ. ಒಂದು ಹಂತದಲ್ಲಿ ಎಂಜಿನ್ನಿನ ಸದ್ದು ದಪ್ಪಗಾಗುತ್ತದೆ, ಬಾನೆಟ್ಟು ಕೊಂಚ ಮೇಲೇಳುತ್ತದೆ. ಎಡಗಾಲನ್ನು ಅಲ್ಲೇ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಇಳಿಸಿ. ಕಾರು ಹಿಂದೆ ಜಾರದೆ ಮುಂದಕ್ಕೆ ಹೊರಡುತ್ತದೆ.

ಒಬ್ಬ ಶಿಕ್ಷಕಿಗೆ ಇಷ್ಟಾದರೂ ಪ್ರತಿ ಸಲ ಎಂಜಿನ್ ಆಫ್ ಆಗುತ್ತಿತ್ತು. ಪಕ್ಕದಲ್ಲಿ ಕೂತು ಅವರ ಕಾಲನ್ನೇ ನೋಡಿದೆ. ಹ್ಯಾಂಡ್‌ಬ್ರೇಕ್ ಇಳಿಸಿದೊಡನೆ ಹೆದರಿ ಕ್ಲಚ್ಚನ್ನು ಒಮ್ಮೆಲೇ ಬಿಟ್ಟುಬಿಡುತ್ತಿದ್ದರು. "ಮೇಡಂ, ಬ್ರೇಕ್ ಇಳಿಸಿದ ಮೇಲೆ ಒಂದು, ಎರಡು ಎಂದು ಎಣಿಸಿ, ಆಮೇಲೆ ಪಾದ ಎತ್ತಿ" ಎಂದೆ. ಮೂರನೇ ಸಲಕ್ಕೆ ಕಾರು ಸಲೀಸಾಗಿ ಏರಿತು.

ಈ ಹಾಫ್ ಕ್ಲಚ್ ಹೊರಡುವುದಕ್ಕೆ ಮಾತ್ರ. ಅದರಲ್ಲೇ ಕಾರನ್ನು ಏರಿನಲ್ಲಿ ನಿಲ್ಲಿಸಿಕೊಂಡರೆ ಕ್ಲಚ್ ಪ್ಲೇಟ್ ಸವೆಯುತ್ತದೆ; ಸುಟ್ಟ ವಾಸನೆ ಬಂದರೆ ಅದೇ ಗುರುತು. ಎಂಜಿನ್ ನಿಂತೇಹೋದರೆ ಮೊದಲು ಬ್ರೇಕ್ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಹಿಂದಿನವರ ಹಾರ್ನ್‌ಗೆ ಗಮನ ಕೊಡದೆ, ಕ್ಲಚ್ ಒತ್ತಿ ಮತ್ತೆ ಸ್ಟಾರ್ಟ್ ಮಾಡಿ.